1,240 ಅಡಿ ಫ್ಲ್ಯಾಟಿನೊಳಗೆ ಟೇಪ್ ಹಿಡಿದಾಗ

ನಾನು ಮನೆಗಳ ಪ್ಲಾನ್ ಬರೆಯುವವನು. ಹಾಗಿದ್ದರೂ ಸ್ವಂತಕ್ಕೆ ಫ್ಲ್ಯಾಟ್ ಹುಡುಕುವಾಗ ಮೊದಲು ಮರುಳಾದದ್ದು ಬ್ರೋಷರಿನ ಅಂಕಿಗೇ. ಮಂಗಳೂರಿನ ಬಿಜೈ ಕಡೆಯ ಒಂದು ಕಟ್ಟಡ, ಎರಡು ಬೆಡ್‌ರೂಮ್, 1,240 ಚದರ ಅಡಿ, ಅಡಿಗೆ 5,200 ರೂಪಾಯಿ. ಒಟ್ಟು 64,48,000. ಕುಲಶೇಖರದಲ್ಲಿ ನೋಡಿದ ಇನ್ನೊಂದು 1,180 ಅಡಿ, ಅಡಿಗೆ 5,300, ಒಟ್ಟು 62,54,000. ಬಿಜೈಯದ್ದೇ ದೊಡ್ಡದು, ಅಡಿಗೆ ಕಡಿಮೆ ಬೇರೆ. ಲೆಕ್ಕ ಸರಿ ಅಲ್ವಾ?

ರಾತ್ರಿ ಕೂತು, ಬಿಲ್ಡರ್‌ಗಳ ಯೋಜನೆಗಳನ್ನು ನೋಂದಾಯಿಸುವ ರಾಜ್ಯದ RERA ಪ್ರಾಧಿಕಾರದ ಜಾಲತಾಣ rera.karnataka.gov.in ತೆರೆದೆ. ಬ್ರೋಷರಿನ ಮೂಲೆಯಲ್ಲಿ PRM/KA/RERA ಎಂದು ಶುರುವಾಗುವ ನೋಂದಣಿ ಸಂಖ್ಯೆ ಇತ್ತು. ಅದನ್ನು ಹಾಕಿದರೆ ಯೋಜನೆಯ ಪುಟ ಬರುತ್ತದೆ. (ನಮ್ಮಲ್ಲಿ ಹಳೆ ಮನೆ ಕೆಡವಿ ಹತ್ತು ಸೆಂಟ್ಸ್ ಜಾಗದಲ್ಲಿ ಆರೇಳು ಮನೆ ಕಟ್ಟುವುದು ಜಾಸ್ತಿ. ಜಾಗ 500 ಚದರ ಮೀಟರ್, ಅಂದರೆ ಸುಮಾರು 12 ಸೆಂಟ್ಸ್ ದಾಟದೆ, ಮನೆಗಳೂ ಎಂಟು ಮೀರದಿದ್ದರೆ ನೋಂದಣಿ ಬೇಕಿಲ್ಲ. ಅಂಥ ಕಡೆ ಈ ಪುಟವೇ ಇರುವುದಿಲ್ಲ.)

ಆ ಪುಟದಲ್ಲಿ ಬಿಜೈ ಫ್ಲ್ಯಾಟಿನ ಕಾರ್ಪೆಟ್ ಏರಿಯಾ 78.5 ಚದರ ಮೀಟರ್ ಎಂದಿತ್ತು. 10.764ರಿಂದ ಗುಣಿಸಿದರೆ 845 ಅಡಿ. ಕುಲಶೇಖರದ್ದು 80.2 ಮೀಟರ್, 863 ಅಡಿ. ಚಿಕ್ಕದು ಎಂದುಕೊಂಡದ್ದೇ ಒಳಗೆ ದೊಡ್ಡದು! ಬೆಲೆಯನ್ನು ಇದರಿಂದ ಭಾಗಿಸಿದೆ. ಬಿಜೈ ಅಡಿಗೆ 7,631, ಕುಲಶೇಖರ 7,247.

ಉಳಿದ ಅಡಿಗಳೆಲ್ಲ ಎಲ್ಲಿ ಹೋದವು? ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ನಾವು ಬಳಸುವ ನೆಲ. ಕೋಣೆ ಕೋಣೆಗಳ ನಡುವಿನ ಗೋಡೆಯ ದಪ್ಪ ಅದರಲ್ಲಿ ಸೇರುತ್ತದೆ. ಹೊರಗೋಡೆ, ಪೈಪು ಇಳಿಯುವ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಲಿಫ್ಟ್, ಮೆಟ್ಟಿಲು, ಲಾಬಿಯಲ್ಲಿ ನಮ್ಮ ಪಾಲೆಂದು ಬಿಲ್ಡರ್ ಹಾಕುವ ಅಡಿಗಳೂ ಇಲ್ಲ. ನಮ್ಮೂರಲ್ಲಿ ಮಳೆಗೆ ಹೆದರಿ ಬಾಲ್ಕನಿಗೆ ಗ್ರಿಲ್, ಶೀಟು ಹಾಕಿ ಮುಚ್ಚುತ್ತಾರೆ. ಮಾದರಿ ಮನೆಯಲ್ಲೂ ಹಾಗೇ ಮುಚ್ಚಿ, ಒಂದು ಮೇಜು ಇಟ್ಟು "ಸ್ಟಡಿ" ಎಂದು ತೋರಿಸಿದ್ದರು. ಮುಚ್ಚಿದರೂ ಬಾಲ್ಕನಿ ಬಾಲ್ಕನಿಯೇ.

ಬಿಜೈ ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಬುಕಿಂಗ್‌ಗೆ ಹತ್ತು ಲಕ್ಷ ಕೇಳಿದರು. ಚೆಕ್ ಬರೆಯಬೇಕಾದದ್ದು ಅವರದೇ ಇನ್ನೊಂದು ಸಂಸ್ಥೆಯ ಹೆಸರಿಗೆ. "ಎಲ್ಲ ಒಂದೇ ಮಾರಾಯ್ರೆ, ಸುಮ್ನೆ ಹೆಸರು ಬೇರೆ" ಎಂದರು. ಒಂದೇ ಅಲ್ಲ. RERA ಕಾಯ್ದೆಯ ಪ್ರಕಾರ ಖರೀದಿದಾರರಿಂದ ಬಂದ ಹಣದಲ್ಲಿ ನೂರಕ್ಕೆ 70 ಆ ಯೋಜನೆಗೇ ಮೀಸಲಾದ ಬ್ಯಾಂಕ್ ಖಾತೆಯಲ್ಲಿ ಇರಬೇಕು. ಆ ಜಾಗ ಮತ್ತು ಆ ಕಟ್ಟಡದ ಖರ್ಚಿಗೆ ಮಾತ್ರ, ಕೆಲಸ ಎಷ್ಟು ಮುಗಿದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ತೆಗೆಯಬಹುದು. ಅದಕ್ಕೆ ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರ ಬೇಕು. ಆ ಖಾತೆಯ ವಿವರ ಯೋಜನೆಯ ಪುಟದಲ್ಲೇ ಇತ್ತು. ನನಗೆ ಕೊಟ್ಟ ಖಾತೆ ಅದಾಗಿರಲಿಲ್ಲ. ಇನ್ನು ಮೊತ್ತ. ಮಾರಾಟದ ಒಪ್ಪಂದ ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅಲ್ಲಿ ಅದು 6,44,800.

ಈ ವ್ಯವಸ್ಥೆಯ ಮೇಲೆ ನನಗೆ ಕುರುಡು ನಂಬಿಕೆ ಇಲ್ಲ. ಉಳಿದ 30ಕ್ಕೆ ಇಂಥ ಬೀಗವಿಲ್ಲ. ಪ್ರಮಾಣಪತ್ರ ಕೊಡುವ ಮೂವರಿಗೂ ಸಂಬಳವೋ ಫೀಸೋ ಕೊಡುವವನು ಬಿಲ್ಡರೇ. ಹಾಗಾಗಿ ಕುಲಶೇಖರದಲ್ಲಿ ಬುಕ್ ಮಾಡಿದ ಮೇಲೂ ಮೂರು ತಿಂಗಳಿಗೊಮ್ಮೆ ಪುಟದಲ್ಲಿ ಅವರು ಹಾಕುವ ಪ್ರಗತಿ ನೋಡಿ, ಭಾನುವಾರ ಸೈಟಿಗೆ ಹೋಗಿ ಸ್ಲ್ಯಾಬ್ ಎಣಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ಪುಟದಲ್ಲಿ ಐದನೇ ಸ್ಲ್ಯಾಬ್, ಸೈಟಿನಲ್ಲಿ ನಾಲ್ಕೇ. ಐದನೇ ಸ್ಲ್ಯಾಬಿನ ಕಂತು ಕೇಳಿದ ದಿನ ಫೋನಿನಲ್ಲಿ ತೆಗೆದ ಫೋಟೋ ಕಳಿಸಿದೆ. ಕಾಂಕ್ರೀಟ್ ಬಿದ್ದ ಮೇಲೆಯೇ ಕಂತು ಕಟ್ಟಿದೆ.

ಬೀಗದ ಕೈ ಪಡೆಯುವ ಮೊದಲು ಟೇಪ್ ಹಿಡಿದು ಹೋದೆ. ಪ್ರತಿ ಕೋಣೆಯನ್ನೂ ಗೋಡೆಯಿಂದ ಗೋಡೆಗೆ ಅಳೆದೆ, ಒಳಗೋಡೆಗಳ ದಪ್ಪ ಬಾಗಿಲ ಚೌಕಟ್ಟಿನ ಬಳಿ ಹಿಡಿದು ಸೇರಿಸಿದೆ. ಕೆಂಪುಕಲ್ಲಿನ ಹೊರಗೋಡೆ ಮುಟ್ಟಲಿಲ್ಲ. ಒಟ್ಟು 859 ಅಡಿ ಬಂತು, ನಾಲ್ಕು ಅಡಿ ಕಡಿಮೆ. ಕಾರ್ಪೆಟ್ ಏರಿಯಾ ಕಡಿಮೆಯಾದರೆ ಹಣ ಹಿಂದಿರುಗಿಸಬೇಕು ಎಂಬ ಸಾಲು ಒಪ್ಪಂದದಲ್ಲಿತ್ತು. ಅವರ ಎಂಜಿನಿಯರ್ ಬಂದು ತಾನೂ ಅಳೆದ. "ಪ್ಲಾಸ್ಟರ್ ದಪ್ಪ ಆಗಿರಬೇಕು ಸರ್" ಎಂದು ನಕ್ಕ. ಕೊನೆಯ ಕಂತಿನಲ್ಲಿ 28,988 ರೂಪಾಯಿ ಕಳೆದು ಬಿಲ್ ಕೊಟ್ಟರು.