ತಡಿಯಂಡಮೋಳಿಗೆ ಹೊರಟವರ ಬುತ್ತಿ

ಹೋದ ಡಿಸೆಂಬರಿನಲ್ಲಿ ಮೊಮ್ಮಗಳು ಮತ್ತು ಅವಳ ನಾಲ್ಕು ಜನ ಸ್ನೇಹಿತರು ತಡಿಯಂಡಮೋಳು ಹತ್ತೋಕೆ ಹೊರಟರು. ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಅದು, 1748 ಮೀಟರ್. ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾಟಿ ಕಕ್ಕಬ್ಬೆಗೆ ಹೋಗಬೇಕು. ನಾಲ್ಕುನಾಡು ಅರಮನೆಯ ಹತ್ತಿರದಿಂದ ನಡಿಗೆ ಶುರು. ಅಲ್ಲಿಂದ ಮೇಲೆ ಒಂದು ಕಾಫಿ ಅಂಗಡಿಯೂ ಇಲ್ಲ. ಹತ್ತಿ ಇಳಿಯೋದಕ್ಕೆ ಆರೇಳು ಗಂಟೆ ಬೇಕು.

"ಬ್ರೆಡ್ಡು ಜಾಮು ತಗೊಂಡು ಹೋಗ್ತೀವಿ ಅಜ್ಜಿ, ನೀವು ನಿದ್ದೆ ಕೆಡಬೇಡಿ" ಅಂದಳು. ಐದು ಜನ ಹರೆಯದವರು ಬೆಟ್ಟ ಹತ್ತಿ ಬ್ರೆಡ್ಡು ತಿನ್ನೋದೇ? ನಲವತ್ತು ವರ್ಷದಿಂದ ಈ ಮನೆಯಿಂದ ಬುತ್ತಿ ಕಟ್ಟಿ ಕಳಿಸಿದ್ದೇನೆ, ಎರಡು ಮೂರು ಸಲ ಕೆಡಿಸಿಯೂ ಇದ್ದೇನೆ. ಆ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ.

ಬೆಟ್ಟದ ಊಟಕ್ಕೆ ನಾನು ಮೊದಲು ನೋಡೋದು ಗಡಿಯಾರ. ಮನೆ ಬಿಡೋದು ಬೆಳಗಿನ ಜಾವ ನಾಲ್ಕೂವರೆಗೆ, ಉಣ್ಣೋದು ಮಧ್ಯಾಹ್ನ ಒಂದಕ್ಕೆ. ಕಲಸಿದ ಅನ್ನ ಒಂಬತ್ತು ಗಂಟೆ ಚೀಲದಲ್ಲಿ ಇರಬೇಕು, ಅದರಲ್ಲಿ ಅರ್ಧ ಹೊತ್ತು ಬಿಸಿಲಲ್ಲಿ, ಬೆನ್ನಿನ ಶಾಖಕ್ಕೆ ಅಂಟಿಕೊಂಡು. ಈ ಒಂಬತ್ತು ಗಂಟೆಯನ್ನು ತಡೆಯದ ತಿಂಡಿ ಎಷ್ಟು ರುಚಿ ಇದ್ದರೂ ಬೇಡ. ಹಸಿ ತೆಂಗಿನಕಾಯಿ ಹಾಕಿದ ಯಾವುದೂ ಬೇಡ, ಕಾಯಿ ಚಟ್ನಿಯಂತೂ ಮೊದಲು ಹಳಸೋದು ಅದೇ. ಹೆಚ್ಚಿದ ಈರುಳ್ಳಿ, ಕೋಸಂಬರಿ, ಆಲೂಗಡ್ಡೆ ಪಲ್ಯ ಇವೂ ಬೇಡ. ಕೊನೆಗೆ ಉಳಿಯೋದು ನಮ್ಮ ಹಿರಿಯರು ಯಾತ್ರೆಗೆ ಕಟ್ಟುತ್ತಿದ್ದ ಎರಡೇ: ಪುಳಿಯೋಗರೆ ಮತ್ತು ಮೊಸರನ್ನ.

ಪುಳಿಯೋಗರೆಗೆ ಗೊಜ್ಜನ್ನು ಎರಡು ದಿನ ಮೊದಲೇ ಮಾಡಿಬಿಡಿ. ಐದು ಜನಕ್ಕೆ 600 ಗ್ರಾಂ ಅಕ್ಕಿ ಅಂತ ಇಟ್ಟುಕೊಂಡರೆ 100 ಗ್ರಾಂ ಹುಣಸೆಹಣ್ಣು, ಒಂದು ದೊಡ್ಡ ಅಚ್ಚು ಬೆಲ್ಲ, ಎಣ್ಣೆ ಸುಮಾರು 150 ಎಂಎಲ್. ಎಣ್ಣೆ ಜಾಸ್ತಿ ಅಂತ ಕೈ ಹಿಡಿಯಬೇಡಿ, ಆರಿದ ಅನ್ನ ಗಂಟಲಲ್ಲಿ ಇಳಿಯಬೇಕಲ್ಲ. ಹುಣಸೆ ರಸ ಕುದಿದು ಕುದಿದು ಎಣ್ಣೆ ಅಂಚಿನಲ್ಲಿ ಬಿಟ್ಟುಕೊಂಡು, ಸೌಟಿನಿಂದ ಜಾರದಷ್ಟು ಗಟ್ಟಿಯಾಗಬೇಕು. ಗೊಜ್ಜು ತಾಳೋದು ಅದರಲ್ಲಿ ಹುಳಿ ಇದೆ, ನೀರಿಲ್ಲ ಅನ್ನೋ ಕಾರಣಕ್ಕೆ. ನೀರಾಗಿ ಇಳಿಸಿದರೆ ಅನ್ನವೂ ಬೇಗ ಕೆಡುತ್ತದೆ. ಹುರಿದ ಎಳ್ಳು, ಒಣಕೊಬ್ಬರಿ ಪುಡಿ ಹಾಕಬಹುದು. ಒಣಕೊಬ್ಬರಿ ಬೇರೆ, ಹಸಿಕಾಯಿ ಬೇರೆ.

ಅಕ್ಕಿ ಹಳೆಯದೇ ಆಗಬೇಕು. ಅಂಗಡಿಯಲ್ಲಿ ಕೇಳಿ, ವರ್ಷ ಕಳೆದ ಸೋನಾ ಮಸೂರಿ ತನ್ನಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಮುದ್ದೆಯಾದದ್ದರ ಒಳಗೆ ಶಾಖ ಮತ್ತು ಪಸೆ ಎರಡೂ ನಿಲ್ಲುತ್ತವೆ. ನೀರನ್ನು ದಿನಕ್ಕಿಂತ ಸ್ವಲ್ಪ ಕಡಿಮೆ ಇಡಿ.

ಈಗ ಎಲ್ಲರೂ ತಪ್ಪೋ ಜಾಗ. ರಾತ್ರಿಯೇ ಅನ್ನ ಮಾಡಿ ಕುಕ್ಕರಿನಲ್ಲಿ ಬಿಟ್ಟು ಮಲಗುತ್ತಾರೆ, ಬೆಳಿಗ್ಗೆ ಎದ್ದು ಕಲಸುತ್ತಾರೆ. ಅಕ್ಕಿಯಲ್ಲಿರೋ ಒಂದು ಜಾತಿಯ ಸೂಕ್ಷ್ಮಾಣು ಬೇಯಿಸಿದರೂ ಪೂರ್ತಿ ಸಾಯೋದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಒಗ್ಗರಣೆಯಲ್ಲಿ ಹಾಕಿ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ. ವಾಸನೆಯಲ್ಲೂ ಯಾವಾಗಲೂ ಗೊತ್ತಾಗೋದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಗುತ್ತದೆ, ಬೆಟ್ಟದ ಮೇಲೆ ಅದರಷ್ಟು ಕಷ್ಟ ಇನ್ನೊಂದಿಲ್ಲ. ಅದಕ್ಕೇ ನಾನು ಮೂರು ಗಂಟೆಗೆ ಏಳೋದು. ಮೂರೂ ಇಪ್ಪತ್ತಕ್ಕೆ ಅನ್ನ ದೊಡ್ಡ ಹರಿವಾಣದಲ್ಲಿ ಹರಡಿರುತ್ತದೆ, ಒಂದು ಬೆರಳಿನಷ್ಟು ದಪ್ಪಕ್ಕೆ, ಮೇಲೆ ಎರಡು ಚಮಚ ಎಣ್ಣೆ, ಪಕ್ಕದಲ್ಲಿ ಫ್ಯಾನು. ಅರ್ಧ ಗಂಟೆಯಲ್ಲಿ ಅಂಗೈ ಇಟ್ಟರೆ ತಣ್ಣಗೆ. ನಾಲ್ಕಕ್ಕೆ ಗೊಜ್ಜು ಕಲಸುತ್ತೇನೆ.

ತಣ್ಣಗಾಗದೆ ಕಟ್ಟಿದರೆ ಏನಾಗುತ್ತದೆ ಅನ್ನೋದನ್ನು ನಾನೇ ನೋಡಿದ್ದೇನೆ. ಮಗ ಕಾಲೇಜಿನಲ್ಲಿದ್ದಾಗ ಒಮ್ಮೆ ಹೊತ್ತಾಯಿತು ಅಂತ ಬಿಸಿ ಚಿತ್ರಾನ್ನವನ್ನು ಸ್ಟೀಲ್ ಡಬ್ಬಿಗೆ ಒತ್ತಿ ಮುಚ್ಚಿ ಕೊಟ್ಟೆ. ಆವಿ ಮುಚ್ಚಳಕ್ಕೆ ಹೊಡೆದು ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕಿತ್ತು. ಅವನು ಮಧ್ಯಾಹ್ನ ತೆಗೆದಾಗ ಮೇಲಿನ ಪದರ ಲೋಳೆ, ಬೆರಳಿಗೆ ನೂಲು ನೂಲಾಗಿ ಎಳೆಯುತ್ತಿತ್ತಂತೆ. ನೂಲು ಎಳೆಯಿತು, ಜಾರುತ್ತಿದೆ, ಹಾಕದಿದ್ದ ಹುಳಿ ವಾಸನೆ ಬಂತು ಅಂದರೆ ಮೇಲಿನದು ತೆಗೆದು ಕೆಳಗಿನದು ತಿನ್ನೋಣ ಅನ್ನೋ ಮಾತೇ ಬೇಡ, ಇಡೀ ಡಬ್ಬಿ ಬಿಟ್ಟುಬಿಡಿ.

ಮೊಸರನ್ನದ ಗುಟ್ಟು ಬೇರೆ. ಅದಕ್ಕೆ ಮೊಸರು ಹಾಕಿ ಕಲಸಬಾರದು, ಹಾಲು ಹಾಕಿ ಕಲಸಬೇಕು. 300 ಗ್ರಾಂ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಸೌಟಿನ ಹಿಂಬದಿಯಿಂದ ಮಸೆದು ಆರಿಸಿ. ಕಾಯಿಸಿ ಆರಿಸಿದ ಹಾಲು ಮುಕ್ಕಾಲು ಲೀಟರಿಗೆ ಸ್ವಲ್ಪ ಮೇಲೆಯೇ ಹಿಡಿಯುತ್ತದೆ. ಹೆಪ್ಪಿಗೆ ಎರಡು ಚಮಚ ಮೊಸರು. ನೋಡೋಕೆ ಪಾಯಸದ ಹಾಗೆ ಸಡಿಲ ಇರಬೇಕು, ಗಾಬರಿಯಾಗಬೇಡಿ, ಮಧ್ಯಾಹ್ನದ ಹೊತ್ತಿಗೆ ಅನ್ನ ಹಾಲು ಕುಡಿದು, ಹಾಲು ಹೆಪ್ಪಾಗಿ, ಸರಿಯಾಗಿ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಎರಡು ಬೆರಳು ಜಾಗ ಬಿಡಿ. ಮೊಸರಿನಲ್ಲೇ ಕಲಸಿದ್ದು ಒಂಬತ್ತು ಗಂಟೆಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗುತ್ತದೆ. ಡಿಸೆಂಬರಿನ ಚಳಿಗೆ ಹಾಲು ಉಗುರು ಬೆಚ್ಚಗಿರಲಿ, ಇಲ್ಲದಿದ್ದರೆ ಹೆಪ್ಪೇ ಆಗೋದಿಲ್ಲ; ಏಪ್ರಿಲಿನಲ್ಲಾದರೆ ತಣ್ಣನೆ ಹಾಲಿಗೆ ಒಂದೇ ಚಮಚ ಸಾಕು. ಸಾಸಿವೆ, ಶುಂಠಿ, ಹಸಿಮೆಣಸಿನ ಒಗ್ಗರಣೆ ಆರಿಸಿ ಹಾಕಿ. ದಾಳಿಂಬೆ, ದ್ರಾಕ್ಷಿ, ಹೆಚ್ಚಿದ ಸೌತೆಕಾಯಿ ನೀರು ಬಿಡುತ್ತವೆ, ಅವು ಮದುವೆ ಮನೆಗೆ ಇರಲಿ. ಎಳೆಸೌತೆ ಬೇಕಾದರೆ ಇಡಿಯಾಗಿ ಕೊಡಿ, ಅಲ್ಲೇ ಕಚ್ಚಿ ತಿನ್ನಲಿ.

ಇನ್ನು ಕಟ್ಟೋದು. ಪುಳಿಯೋಗರೆಯನ್ನು ನಾನು ಬಾಳೆಎಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಮಾಡುತ್ತೇನೆ. ಎಲೆಯನ್ನು ಒಲೆಯ ಉರಿಯ ಮೇಲೆ ಆಡಿಸಿ ಬಾಡಿಸಿಕೊಂಡರೆ ಮಡಿಚುವಾಗ ಸೀಳೋದಿಲ್ಲ. ಅದರ ಮೇಲೆ ತೊಳೆದ ಹಳೆ ಪಂಚೆಯ ತುಂಡು, ನಾಲ್ಕು ಮೂಲೆ ಎಳೆದು ಗಂಟು. ಹಳೆ ಪೇಪರಿನಲ್ಲಿ ಕಟ್ಟಬೇಡಿ, ಮಸಿ ಎಣ್ಣೆಗೆ ಇಳಿದು ಅನ್ನಕ್ಕೆ ಹತ್ತುತ್ತದೆ. ಪ್ಲಾಸ್ಟಿಕ್ ಕವರುಗಳನ್ನಂತೂ ಕಾಡಿಗೆ ಒಯ್ಯಲೇಬೇಡಿ. ಮೊಸರನ್ನಕ್ಕೆ ಮಾತ್ರ ಕ್ಲಿಪ್ ಇರೋ ಸ್ಟೀಲ್ ಡಬ್ಬಿ, ಎರಡು.

ಒಬ್ಬೊಬ್ಬರಿಗೆ ಒಂದೊಂದು ಅಂದದ್ದಕ್ಕೆ ಕಾರಣ ನಮ್ಮ ಅಳಿಯಂದಿರು. ಹಿಂದೊಮ್ಮೆ ಮನೆಮಂದಿ ಹೀಗೇ ಬೆಟ್ಟಕ್ಕೆ ಹೋದಾಗ, ನಾನೇ ಗಟ್ಟಿಗ ಅಂತ ಊಟದ ಚೀಲವನ್ನೆಲ್ಲ ಅವರೇ ಹೊತ್ತರು. ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಕೂತರು, "ನೀವು ಮುಂದೆ ಹೋಗಿ" ಅಂದರು, ಉಳಿದವರು ಹೋದರು. ಊಟದ ಚೀಲ ಕೆಳಗೆ, ಹಸಿದವರು ಮೇಲೆ. ಎಂಟು ಜನಕ್ಕೆ ಒಂದು ಪೊಟ್ಟಣ ಖರ್ಜೂರದಲ್ಲಿ ದಿನ ಕಳೆಯಿತು. ಅಳಿಯಂದಿರು ಮಾತ್ರ ಚೆನ್ನಾಗಿ ಉಂಡು ಮರದಡಿ ಮಲಗಿದ್ದರು.

ಮೇಲೆ ಮುಟ್ಟಿದ ಮೇಲೆ ಊಟ. ಹತ್ತುವಾಗ ಗಂಟೆಗೊಮ್ಮೆ ಒಂದು ಹಿಡಿ ಏನಾದರೂ ಬಾಯಿಗೆ ಬೀಳುತ್ತಿರಬೇಕು. ಇದಕ್ಕೆ ಹುರಿಗಡಲೆ 250 ಗ್ರಾಂ, ಕಡಲೆಬೀಜ 250 ಗ್ರಾಂ, ಬೆಲ್ಲ 200 ಗ್ರಾಂ ಐದು ಜನಕ್ಕೆ ಧಾರಾಳ. ದೇವರಾಜ ಮಾರ್ಕೆಟ್ಟಿನಲ್ಲಿ ಕೊಳ್ಳೋದಾದರೆ ಕಡಲೆಬೀಜ ಒಂದು ಬಾಯಿಗೆ ಹಾಕಿ ನೋಡದೆ ತೂಗಿಸಬೇಡಿ. ಕಮಟು ಬಂದಿದ್ದರೆ ಹುರಿದರೂ ಹೋಗೋದಿಲ್ಲ. ಬೆಲ್ಲ ಉಗುರಿಗೆ ಅಂಟಿದರೆ ಅದು ಚೀಲದಲ್ಲಿ ಕರಗಿ ಹರಿಯೋ ಬೆಲ್ಲ. ಗಟ್ಟಿಯದು ತಂದು ರಾತ್ರಿಯೇ ಕುಟ್ಟಿ ಇಡಿ. ಏಲಕ್ಕಿ ಬಾಳೆಹಣ್ಣು ಎರಡು ದಿನ ಮೊದಲು ಹಸಿರು ಮಾಸದಿರುವಾಗಲೇ ತನ್ನಿ, ಹೊರಡೋ ದಿನ ಹಣ್ಣಾಗುತ್ತದೆ, ಚೀಲದಲ್ಲಿ ನುಜ್ಜಾಗೋದಿಲ್ಲ. ಚಿಪ್ಸ್ ಪ್ಯಾಕೆಟ್ಟಿಗೆ ನನ್ನ ಆಕ್ಷೇಪ ಒಂದೇ, ಅರ್ಧ ಗಾಳಿ, ಉಳಿದರ್ಧ ಉಪ್ಪು, ತಿಂದಷ್ಟೂ ನೀರು ಬೇಕು.

ನೀರೇ ಎಲ್ಲಕ್ಕಿಂತ ಭಾರ. ಒಬ್ಬರಿಗೆ ಮೂರು ಲೀಟರ್ ಅಂದರೆ ಮೂರು ಕಿಲೋ. ನನ್ನ ಬುತ್ತಿ ತಲೆಗೆ ಒಂದು ಕಿಲೋ ಅಷ್ಟೇ. "ಭಾರ ಆಯ್ತು" ಅಂತ ನೀರು ಕಡಿಮೆ ಮಾಡೋರಿಗೆ ಮಧ್ಯಾಹ್ನ ಪುಳಿಯೋಗರೆಯೂ ಸೇರೋದಿಲ್ಲ. ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಈ ಅಳತೆಯಲ್ಲಿ ಮನೆಯಲ್ಲೇ ಬೆರೆಸಿ ಸಣ್ಣ ಡಬ್ಬಿಯಲ್ಲಿ ಕೊಡಿ. ನಿಂಬೆಹಣ್ಣು ಇಡಿಯಾಗಿ ಇರಲಿ. ಮನೆಯಲ್ಲೇ ಹಿಂಡಿಟ್ಟ ರಸ ಮಧ್ಯಾಹ್ನಕ್ಕೆ ಕಹಿಯಾಗುತ್ತದೆ. ಹಣ್ಣು ಕೊಯ್ಯೋಕೆ ಚಾಕು ಮರೆಯಬೇಡಿ, ನಾನು ಎರಡು ಸಲ ಮರೆತಿದ್ದೇನೆ.

ಕೊನೆಗೆ ಕಾರಿನಲ್ಲಿ ಒಂದು ಡಬ್ಬಿ ಬಿಡೋದು ನನ್ನ ಪದ್ಧತಿ. ದಿನವಿಡೀ ಬಿಸಿಲಲ್ಲಿ ನಿಂತ ಕಾರು ಒಲೆಯ ಹಾಗೆ, ಅದರಲ್ಲಿ ಅನ್ನ, ಸಿಹಿ ಏನೂ ಇಡಬಾರದು. ಒಣಗಿ ಗರಿಗರಿ ಇರೋ ಕೋಡುಬಳೆ, ಇಲ್ಲವೇ ಚಕ್ಕುಲಿ. ಇಳಿದು ಬರುವಾಗ ಬುತ್ತಿ ಮುಗಿದಿರುತ್ತದೆ, ಹೋಟೆಲು ಸಿಗೋದಕ್ಕೆ ಇನ್ನೂ ದೂರ. ಮೊಮ್ಮಗಳು ರಾತ್ರಿ ಹತ್ತಕ್ಕೆ ಬಂದು ಡಬ್ಬಿಗಳನ್ನು ಸಿಂಕಿಗೆ ಹಾಕಿದಳು. ಮೊಸರನ್ನದ ಎರಡೂ ಡಬ್ಬಿ ಒರೆಸಿದ ಹಾಗಿದ್ದವು. ಕೋಡುಬಳೆ ಗೋಣಿಕೊಪ್ಪ ಮುಟ್ಟೋದರೊಳಗೇ ಖಾಲಿಯಾಗಿತ್ತಂತೆ. ಬ್ರೆಡ್ಡು ಜಾಮನ್ನು ಅವಳು ಕದ್ದು ಚೀಲಕ್ಕೆ ಹಾಕಿಕೊಂಡಿದ್ದಳು, ಅದು ಮಾತ್ರ ಹಾಗೇ ವಾಪಸು ಬಂತು.