ಡಿಫರೆನ್ಷಿಯೇಷನ್ ಹಾಳೆ: ಕೊನೆಯಲ್ಲಿ ಯಾವ ಕೆಲಸ ಮಾಡ್ತೀಯ?

ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಸಂಜೆ ಹೊತ್ತು ಸೆಕೆಂಡ್ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲ ಸಲ ಡಿಫರೆನ್ಷಿಯೇಷನ್‌ಗೆ ಅಭ್ಯಾಸದ ಹಾಳೆ ಮಾಡಿದಾಗ x⁷, √x, sin x ಥರದ ಒಂದೇ ಹೆಜ್ಜೆಯ ಲೆಕ್ಕ ಹತ್ತು ಹಾಕಿದೆ. ಅವು ಮುಗಿದ ಕೂಡಲೇ ಚೈನ್ ರೂಲ್ ಲೆಕ್ಕಗಳು. ಹಿಂದಿನ ಪುಟದಲ್ಲಿ ಬರೀ ಉತ್ತರಗಳು. ಜೆರಾಕ್ಸ್ ಮಾಡಿಸಿ ಹಂಚಿದೆ.

ಮೊದಲ ಹತ್ತು ಎಲ್ಲರಿಗೂ ಸರಿ ಬಂತು. ಹನ್ನೊಂದನೆಯದು (3x+2)². ಅರ್ಧಕ್ಕಿಂತ ಜಾಸ್ತಿ ಮಕ್ಕಳು 2(3x+2) ಅಂತ ಬರೆದು ನಿಲ್ಲಿಸಿದ್ದರು. ಒಳಗಿನ 3x+2 ಇಂದ ಬರಬೇಕಾದ 3 ಮಾಯ. ರೂಲ್ ಹೇಳು ಅಂದರೆ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ, ಆದರೆ ಕೈ ಬರೆಯುವುದು ಪವರ್ ರೂಲನ್ನೇ.

ಹಾಗಾಗಿ ಎರಡನೇ ಸಲ ಮಧ್ಯದಲ್ಲಿ ಒಂದು ಭಾಗ ಸೇರಿಸಿದೆ. ಅದರಲ್ಲಿರುವುದು ಆರೇ ಲೆಕ್ಕ, ಎಲ್ಲವೂ ಬಿಡಿಸಿ ಬರೆಯಲು ಆಗುವಂಥವು. ಪ್ರತಿಯೊಂದನ್ನೂ ಎರಡು ದಾರಿಯಲ್ಲಿ ಮಾಡಬೇಕು. (3x+2)² ಬಿಡಿಸಿದರೆ 9x²+12x+4, ಅದರ ಡಿಫರೆನ್ಷಿಯೇಷನ್ 18x+12. ಚೈನ್ ರೂಲ್‌ನಲ್ಲಿ 2(3x+2)·3, ಅದೂ 18x+12. 3 ಬಿಟ್ಟವರಿಗೆ 6x+4 ಬರುತ್ತದೆ. ಎರಡು ಉತ್ತರ ತಾಳೆಯಾಗದಿದ್ದಾಗ ತಪ್ಪು ಎಲ್ಲಿ ಅಂತ ಅವರೇ ಹುಡುಕುತ್ತಾರೆ. ನಾನು ಕೆಂಪು ಪೆನ್ ಹಿಡಿದು ಕೂರುವ ಕೆಲಸ ತಪ್ಪಿತು.

ಮುಂದಿನ ಭಾಗದಲ್ಲಿ ನೋಡಲು ಒಂದೇ ಥರ ಇರುವ ಜೋಡಿಗಳು: sin²x ಮತ್ತು sin(x²). ಇಲ್ಲಿ ‘ಹೊರಗಿನದು, ಒಳಗಿನದು’ ಅಂತ ಹೇಳಿದರೆ ಸಾಲದು, ಯಾವುದು ಹೊರಗೆ ಅನ್ನುವುದೇ ತಾನೇ ಗೊತ್ತಾಗದಿರುವುದು? ಅದಕ್ಕೆ ನಾನು ಕೇಳುವ ಪ್ರಶ್ನೆ ಬೇರೆ: x ಬದಲು ಒಂದು ಸಂಖ್ಯೆ ಇಟ್ಟು ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಮಾಡಿದರೆ ಕೊನೆಯಲ್ಲಿ ಯಾವ ಕೆಲಸ ಮಾಡ್ತೀಯ? sin²x ನಲ್ಲಿ ಮೊದಲು sin, ಕೊನೆಗೆ ವರ್ಗ. ಆದ್ದರಿಂದ ಪವರ್ ರೂಲ್ ಮೊದಲು: 2 sin x · cos x. sin(x²) ನಲ್ಲಿ ಮೊದಲು ವರ್ಗ, ಕೊನೆಗೆ sin. ಆದ್ದರಿಂದ cos(x²) · 2x. ಲೆಕ್ಕ ಕಟ್ಟಿದ್ದು ಯಾವ ಕ್ರಮದಲ್ಲೋ ಅದರ ಉಲ್ಟಾ ಕ್ರಮದಲ್ಲಿ ಬಿಚ್ಚುವುದು, ಅಷ್ಟೇ.

ಕೊನೆಯ ಭಾಗದ ಬೆರಕೆ ಲೆಕ್ಕಗಳಿಗೂ ಇದೇ ಪ್ರಶ್ನೆ ಸಾಕಾಗುತ್ತದೆ. y = x² sin³(2x+1) ನೋಡಿದ ತಕ್ಷಣ ಮಕ್ಕಳು ಘನದ ಮೇಲೆ ಬೀಳುತ್ತಾರೆ. ಆದರೆ ಕೊನೆಯ ಕೆಲಸ ಗುಣಾಕಾರ. ಹಾಗಾದರೆ ಪ್ರಾಡಕ್ಟ್ ರೂಲ್ ಮೊದಲು. ಚೈನ್ ಬೇಕಾಗುವುದು ಅದರ ಒಂದು ತುಂಡಿಗೆ ಮಾತ್ರ. ಉತ್ತರದ ಪುಟದಲ್ಲಿ ಈಗ ಇದನ್ನು ಹೀಗೆ ಬರೆದಿದ್ದೇನೆ:

```
ಕೊನೆಯ ಕೆಲಸ: ಗುಣಾಕಾರ
y' = 2x · sin³(2x+1) + x² · [sin³(2x+1)]'

ತುಂಡಿನ ಕೊನೆಯ ಕೆಲಸ: ಘನ, ಅದರ ಒಳಗೆ sin, ಅದರ ಒಳಗೆ 2x+1
[sin³(2x+1)]' = 3 sin²(2x+1) · cos(2x+1) · 2

y' = 2x sin³(2x+1) + 6x² sin²(2x+1) cos(2x+1)
```

ಪ್ರತಿ ಲೆಕ್ಕಕ್ಕೂ ‘ಕೊನೆಯ ಕೆಲಸ’ದ ಸಾಲು ಇದೆ. ಮಕ್ಕಳು ಮೊದಲು ಆ ಸಾಲನ್ನಷ್ಟೇ ತಾಳೆ ನೋಡಬೇಕು. ಅದು ತಪ್ಪಿದ್ದರೆ ಕೆಳಗಿನದು ಓದಿ ಉಪಯೋಗವಿಲ್ಲ.

ಬರೀ ಉತ್ತರ ಕೊಟ್ಟಿದ್ದರಿಂದ ಆಗಿದ್ದ ಇನ್ನೊಂದು ಯಡವಟ್ಟು ಹೇಳಲೇಬೇಕು. ಒಬ್ಬ ಹುಡುಗಿ sin²x ಗೆ 2 sin x cos x ಅಂತ ಸರಿಯಾಗೇ ಬರೆದಿದ್ದಳು. ನನ್ನ ಹಾಳೆಯಲ್ಲಿ ಇದ್ದದ್ದು sin 2x. ಪಾಪ, ತನ್ನದೇ ತಪ್ಪು ಅಂತ ಹೊಡೆದುಹಾಕಿ ಅರ್ಧ ಗಂಟೆ ಒದ್ದಾಡಿದ್ದಾಳೆ. "ಮಿಸ್, ಎರಡೂ ಒಂದೇನಾ?" ಅಂತ ಕೇಳಿದಾಗ ನನಗೇ ಒಂಥರಾ ಆಯಿತು. ಈಗ ಸುಲಭಗೊಳಿಸದ ರೂಪವನ್ನೂ ಬರೆಯುತ್ತೇನೆ, ಅನುಮಾನ ಬಂದರೆ x ಗೆ ಒಂದು ಬೆಲೆ ಹಾಕಿ ಎರಡನ್ನೂ ಹೋಲಿಸಿ ಅಂತಲೂ ಹೇಳುತ್ತೇನೆ. x = 0 ಮಾತ್ರ ಬೇಡ. ಎಷ್ಟೋ ತಪ್ಪು ಉತ್ತರಗಳೂ ಅಲ್ಲಿ ಸೊನ್ನೆಯೇ ಆಗಿ ಸರಿ ಅನ್ನಿಸಿಬಿಡುತ್ತವೆ.

xˣ ಅನ್ನು ಈ ಹಾಳೆಯಲ್ಲಿ ಬೇಕೆಂದೇ ಇಟ್ಟಿಲ್ಲ. ಅಲ್ಲಿ ಕೊನೆಯ ಕೆಲಸ ಘಾತ ನಿಜ. ಆದರೆ ಪವರ್ ರೂಲ್‌ಗೆ ಮೇಲಿನದು ಸ್ಥಿರ ಸಂಖ್ಯೆ ಆಗಿರಬೇಕು, aˣ ರೂಲ್‌ಗೆ ಕೆಳಗಿನದು ಸ್ಥಿರವಾಗಿರಬೇಕು. ಇಲ್ಲಿ ಎರಡೂ ಬದಲಾಗುತ್ತವೆ. ಅದಕ್ಕೆ ಎರಡೂ ಕಡೆ log ತೆಗೆದುಕೊಂಡೇ ಹೋಗಬೇಕು. ಅದಕ್ಕೆ ಬೇರೆ ಹಾಳೆ ಇದೆ, ಈ ಹಾಳೆ ಮುಗಿಸಿದ ಮುಂದಿನ ವಾರ ಕೊಡುತ್ತೇನೆ.