ಕೆಲಸ ದೊಡ್ಡದಾಯ್ತು, ಹುದ್ದೆ ಹಾಗೇ ಇದೆ: ಮ್ಯಾನೇಜರಿಗೆ ಮೇಲ್ ಬರೆಯೋದು ಹೇಗೆ?

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಅಂದುಕೊಳ್ಳಿ. ಅಲ್ಲಿ ನೀವು ಅಕೌಂಟ್ಸ್ ಎಕ್ಸಿಕ್ಯುಟಿವ್. ಜೂನ್‌ನಲ್ಲಿ ಸೀನಿಯರ್ ಕೆಲಸ ಬಿಟ್ಟರು, "ಹೊಸಬರು ಬರೋವರೆಗೆ ಸ್ವಲ್ಪ ನೋಡ್ಕೊಳ್ಳಿ" ಅಂತ ಮ್ಯಾನೇಜರ್ ಅಂದರು. ಈಗ ಡಿಸೆಂಬರ್. ಹೊಸಬರು ಬಂದಿಲ್ಲ.

ಮೊದಲು ಹಳೆಯ ಆಫರ್ ಲೆಟರ್ ತೆಗೆಯಿರಿ. ಅದರಲ್ಲಿ ಇಲ್ಲದ ಯಾವ ಕೆಲಸವನ್ನು ಯಾವ ತಿಂಗಳಿಂದ ಮಾಡುತ್ತಿದ್ದೀರಿ ಅಂತ ಬರೆದುಕೊಳ್ಳಿ. "ಕೆಲಸ ಜಾಸ್ತಿ ಆಗಿದೆ" ಅಂತ ಮಾತ್ರ ಹೇಳಬೇಡಿ, ಹಾಗಂದರೆ ಇನ್ನೊಬ್ಬ ಜೂನಿಯರ್‌ನ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತಪ್ಪಾದರೆ ಈಗ ಯಾರನ್ನು ಕೇಳುತ್ತಾರೆ? ನಿಮ್ಮನ್ನೇ ಅಲ್ವಾ? ಮೇಲ್‌ನಲ್ಲಿ ಕಾಣಬೇಕಾದ್ದು ಅದು.

ಆಮೇಲೆ ಮ್ಯಾನೇಜರ್ ಜೊತೆ ಎದುರಾ ಎದುರು ಒಮ್ಮೆ ಮಾತಾಡಿ. ಏಪ್ರಿಲ್‌ನಲ್ಲಿ ಸಂಬಳ ಏರಿಸುವ ಕಂಪನಿಯಾದರೆ ಮಾರ್ಚ್‌ವರೆಗೆ ಕಾಯಬೇಡಿ, ಅಷ್ಟೊತ್ತಿಗೆ ಬಜೆಟ್ ಮುಗಿದಿರುತ್ತದೆ. ಮೇಲ್ ಬೇಕಾಗೋದು ಮ್ಯಾನೇಜರ್ ಅದನ್ನು ಎಚ್‌ಆರ್‌ಗೆ ಫಾರ್ವರ್ಡ್ ಮಾಡಲಿಕ್ಕೆ. ಹಾಗಾಗಿ ನಿಮ್ಮ ಮುಖವನ್ನೇ ನೋಡದವರಿಗೂ ಅದು ಅರ್ಥವಾಗಬೇಕು.

ಸಂಬಳದ ಲೆಕ್ಕವನ್ನು ಸಿಟಿಸಿಯಲ್ಲೇ ಹೇಳಿ. ಕಂಪನಿ ಕಟ್ಟುವ ಪಿಎಫ್, ಎಷ್ಟೋ ಕಡೆ ಗ್ರಾಚ್ಯುಟಿ ಕೂಡ ಅದರೊಳಗೇ ಸೇರಿರುತ್ತದೆ. ಸಿಟಿಸಿ ತಿಂಗಳಿಗೆ 10,000 ಏರಿದರೆ ಕೈಗೆ ಅಷ್ಟೂ ಬರಲ್ಲ, ಅದನ್ನು ನೋಡಿಕೊಂಡೇ ಮೊತ್ತ ಹೇಳಿ.

ಮೇಲ್ ಹೀಗಿರಲಿ. ಆಫೀಸಿನಲ್ಲಿ ಇಂಗ್ಲಿಷೇ ನಡೆಯೋದಾದರೆ ಇದನ್ನೇ ಅದರಲ್ಲಿ ಬರೆಯಿರಿ:

ವಿಷಯ: ಹುದ್ದೆ ಮತ್ತು ಸಂಬಳದ ಪರಿಷ್ಕರಣೆ ಕೋರಿಕೆ

ಸರ್,
ಸೋಮವಾರ ಮಾತಾಡಿದ ವಿಷಯವನ್ನು ಬರೆದು ಕಳಿಸುತ್ತಿದ್ದೇನೆ. ನನ್ನ ಕೆಲಸ ಬಿಲ್ ಎಂಟ್ರಿ ಮತ್ತು ಬ್ಯಾಂಕ್ ತಾಳೆ ನೋಡುವುದಾಗಿತ್ತು. ಜೂನ್‌ನಿಂದ ಪ್ರತಿ ತಿಂಗಳು 7ರೊಳಗೆ ಟಿಡಿಎಸ್ ಕಟ್ಟುವುದು, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸುವುದು ನನ್ನ ಹೊಣೆ. ಆರು ತಿಂಗಳಲ್ಲಿ ಒಮ್ಮೆಯೂ ಲೇಟ್ ಫೀ ಬಿದ್ದಿಲ್ಲ. ಇಬ್ಬರು ಜೂನಿಯರ್‌ಗಳ ಎಂಟ್ರಿಗಳನ್ನೂ ನಾನೇ ಪರಿಶೀಲಿಸುತ್ತಿದ್ದೇನೆ.
ಹುದ್ದೆಯನ್ನು ಸೀನಿಯರ್ ಅಕೌಂಟೆಂಟ್ ಎಂದೂ, ಸಿಟಿಸಿಯನ್ನು 4.2 ಲಕ್ಷದಿಂದ 5.4 ಲಕ್ಷಕ್ಕೂ ಜನವರಿ 1ರಿಂದ ಪರಿಷ್ಕರಿಸಬೇಕೆಂದು ಕೋರುತ್ತೇನೆ. ಮುಂದಿನ ವಾರ 15 ನಿಮಿಷ ಸಿಗುತ್ತದೆಯೇ?

ಇಷ್ಟೇ. ಮನೆ ಸಾಲ, ಪಕ್ಕದವರ ಸಂಬಳ, ಬೇರೆ ಕಂಪನಿಯ ಆಫರ್ ಇದರಲ್ಲಿ ಬೇಡ. ಎಚ್‌ಆರ್‌ನ ಸಿಸಿಯಲ್ಲಿ ಹಾಕಲೂಬೇಡಿ, ತನ್ನನ್ನು ದಾಟಿ ಹೋದ ಹಾಗೆ ಮ್ಯಾನೇಜರ್‌ಗೆ ಅನ್ನಿಸುತ್ತದೆ. ಹುದ್ದೆ, ಸಂಬಳ, ತಾರೀಖು ಮೂರನ್ನೂ ಬಿಡಿಬಿಡಿಯಾಗಿ ಬರೆದದ್ದು ಸುಮ್ನೆ ಅಲ್ಲ, ಬರೀ ಹುದ್ದೆಯ ಹೆಸರು ಬದಲಿಸಿ ಕಳಿಸುವ ಕಂಪನಿಗಳು ಬೇಕಾದಷ್ಟಿವೆ.

"ಹುದ್ದೆ ಈಗ, ಸಂಬಳ ಏಪ್ರಿಲ್‌ಗೆ" ಅಂದರೆ ಒಪ್ಪಬಹುದು. ಆದರೆ ಅವತ್ತೇ ಒಂದು ಸಾಲು ಕಳಿಸಿಬಿಡಿ: "ಧನ್ಯವಾದ ಸರ್, ಏಪ್ರಿಲ್ 1ರಿಂದ 5.4 ಲಕ್ಷ ಎಂದು ತಿಳಿದುಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ."